ತಾರಸಿಯಿಂದ ಮೇಲೆಸೆದ ಕಲ್ಲು

ಐದು ಅಂತಸ್ತಿನ ಕಟ್ಟಡದ ತಾರಸಿ ನೆಲದಿಂದ 15 ಮೀಟರ್ ಎತ್ತರದಲ್ಲಿದೆ. ಅದರ ಅಂಚಿನಾಚೆ ಕೈಚಾಚಿ ಒಬ್ಬರು ಕಲ್ಲನ್ನು ನೆಟ್ಟಗೆ ಮೇಲಕ್ಕೆ ಎಸೆಯುತ್ತಾರೆ. ಕೈಬಿಟ್ಟಾಗ ಅದರ ವೇಗ ಸೆಕೆಂಡಿಗೆ 10 ಮೀಟರ್. ಅದು ಎಷ್ಟು ಎತ್ತರಕ್ಕೆ ಹೋದೀತು? ನೆಲ ಮುಟ್ಟಲು ಎಷ್ಟು ಹೊತ್ತು ಬೇಕು?

ಭೂಮಿಯ ಸೆಳೆತ ಪ್ರತಿ ಸೆಕೆಂಡಿಗೂ ವೇಗವನ್ನು ಸೆಕೆಂಡಿಗೆ 9.8 ಮೀಟರಿನಷ್ಟು ಬದಲಿಸುತ್ತದೆ. ಲೆಕ್ಕ ಸುಲಭವಾಗಲೆಂದು 10 ಎಂದಿಟ್ಟುಕೊಳ್ಳೋಣ. ಹಾಗಾದರೆ ಕಲ್ಲಿನ ವೇಗ ಒಂದೇ ಸೆಕೆಂಡಿನಲ್ಲಿ ಸೊನ್ನೆಗೆ ಇಳಿಯುತ್ತದೆ. 10ರಿಂದ ಸೊನ್ನೆಗೆ ಒಂದೇ ಸಮನೆ ಇಳಿದದ್ದರಿಂದ ಸರಾಸರಿ ವೇಗ 5. ಆದ್ದರಿಂದ ಏರಿದ್ದು 5 ಮೀಟರ್. ನೆಲದಿಂದ ಗರಿಷ್ಠ ಎತ್ತರ 20 ಮೀಟರ್.

ಅನೇಕ ವಿದ್ಯಾರ್ಥಿಗಳು ಎಡವುವುದು ಈ ತುದಿಯಲ್ಲೇ. ವೇಗ ಸೊನ್ನೆಯಾಯಿತು, ಹಾಗಾಗಿ ಸೆಳೆತವೂ ಇಲ್ಲ ಎಂದುಕೊಳ್ಳುತ್ತಾರೆ. ಸೆಳೆತ ಆ ಕ್ಷಣ ಇಲ್ಲವಾಗಿದ್ದರೆ ಕಲ್ಲಿನ ವೇಗವನ್ನು ಬದಲಿಸುವುದು ಯಾವುದೂ ಇರುತ್ತಿರಲಿಲ್ಲ. ಅದು ಅಲ್ಲೇ ನಿಂತುಬಿಡುತ್ತಿತ್ತು. ಏರುವಾಗ, ತುದಿಯಲ್ಲಿ, ಬೀಳುವಾಗ ಸೆಳೆತ ಒಂದೇ, ಅದರ ದಿಕ್ಕೂ ಒಂದೇ.

ಇನ್ನೊಂದು ತಪ್ಪು, ಏರಿದ ಹೊತ್ತನ್ನು ಇಮ್ಮಡಿಸಿ ಒಟ್ಟು 2 ಸೆಕೆಂಡು ಎನ್ನುವುದು. 2 ಸೆಕೆಂಡಿಗೆ ಕಲ್ಲು ತಾರಸಿಯ ಮಟ್ಟಕ್ಕಷ್ಟೇ ಮರಳಿರುತ್ತದೆ. ನೆಲಕ್ಕೆ ಬರಲು ಅದು ತುದಿಯಿಂದ 20 ಮೀಟರ್ ಬೀಳಬೇಕು. ನಿಶ್ಚಲ ಸ್ಥಿತಿಯಿಂದ ಬೀಳುವ ವಸ್ತು ಕ್ರಮಿಸುವ ದೂರ, ಕಾಲದ ವರ್ಗದ ಐದರಷ್ಟು. 5 × 2 × 2 = 20; ಬೀಳಲು ಹಿಡಿದದ್ದು 2 ಸೆಕೆಂಡು. ಏರಿದ್ದೂ ಸೇರಿ ಒಟ್ಟು 3. 9.8 ಇಟ್ಟು ನೋಡಿದರೂ ಉತ್ತರ 3.05ರ ಆಸುಪಾಸು. ನೆಲಕ್ಕೆ ಬಡಿಯುವಾಗ ವೇಗ ಗಂಟೆಗೆ ಸುಮಾರು 72 ಕಿಲೋಮೀಟರ್. ಇದನ್ನು ಕಾಗದದ ಮೇಲಷ್ಟೇ ಮಾಡಿ ನೋಡಬೇಕು.

ಇಲ್ಲಿ ಗಾಳಿಯ ತಡೆಯನ್ನು ಬಿಟ್ಟಿದ್ದೇವೆ. ಈ ವೇಗದಲ್ಲಿ ಮುಷ್ಟಿಗಾತ್ರದ ಕಲ್ಲಿಗೆ ಅದರಿಂದ ಹೆಚ್ಚೇನೂ ವ್ಯತ್ಯಾಸವಾಗದು. ಕಾಗದದ ಉಂಡೆಯಾದರೆ ಈ ಲೆಕ್ಕ ಪೂರಾ ಕೆಡುತ್ತದೆ.

ಇಡೀ ಪಯಣವನ್ನು ಒಂದೇ ಸಮೀಕರಣದಲ್ಲೂ ಬರೆಯಬಹುದು. ನೆಲ ಮುಟ್ಟಿದಾಗ ಎತ್ತರ ಸೊನ್ನೆ:

15 + 10t − 5t² = 0

ಇದಕ್ಕೆ ಎರಡು ಉತ್ತರ: 3 ಮತ್ತು −1. ಕಾಲ ಋಣಾತ್ಮಕವಾಗದು ಎಂದು −1ನ್ನು ತರಗತಿಯಲ್ಲಿ ಹೊಡೆದುಹಾಕುತ್ತೇವೆ. ನನಗೆ ಈ ಲೆಕ್ಕದಲ್ಲಿ ಅತ್ಯಂತ ಇಷ್ಟವಾದದ್ದು ಆ ಉತ್ತರವೇ. ಕಲ್ಲು ಕೈಯಿಂದ ಹೊರಟಿತೋ ಕೆಳಗಿನಿಂದ ಬಂದಿತೋ ಎಂಬುದು ಸಮೀಕರಣಕ್ಕೆ ತಿಳಿಯದು. ನಾವು ಎಸೆಯುವುದಕ್ಕೆ ಒಂದು ಸೆಕೆಂಡು ಮೊದಲು, ನೆಲದಿಂದಲೇ ಯಾರಾದರೂ ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಕಲ್ಲೆಸೆದಿದ್ದರೆ, ಅದು ತಾರಸಿಯನ್ನು ದಾಟುವಾಗ ಅದರ ವೇಗ ಸರಿಯಾಗಿ 10 ಆಗಿರುತ್ತಿತ್ತು. ಅಲ್ಲಿಂದ ಮುಂದೆ ಎರಡೂ ಕಲ್ಲುಗಳ ಚಲನೆಯಲ್ಲಿ ಕೂದಲೆಳೆಯಷ್ಟೂ ಅಂತರವಿಲ್ಲ. ನೆಲದಿಂದ ಹೊರಟ ಆ ಕಲ್ಲು ಏರಲು 2, ಇಳಿಯಲು 2, ಒಟ್ಟು 4 ಸೆಕೆಂಡು ಗಾಳಿಯಲ್ಲಿರುತ್ತದೆ. ಇಮ್ಮಡಿಸುವ ಸೂತ್ರ ನಿಲ್ಲುವುದು ಅಲ್ಲಿ ಮಾತ್ರ, ಹೊರಟ ಮಟ್ಟಕ್ಕೇ ಕಲ್ಲು ಮರಳಿದಾಗ.