ಮಗು ಯಾರದು ಎಂಬಲ್ಲಿಂದ ಮಗುವಿಗೆ ಏನು ಒಳಿತು ಎಂಬಲ್ಲಿಗೆ

ಉಡುಪಿ ಜಿಲ್ಲೆಯ ಶಿರ್ವದಲ್ಲಿ ಆರೋಗ್ಯ ಮಾತಾ ಇಗರ್ಜಿಯ ಸುತ್ತಲಿನ ಕ್ರೈಸ್ತ ಮನೆಗಳು, ಬಂಟರ ಮನೆತನಗಳು, ಮುಸ್ಲಿಂ ಕುಟುಂಬಗಳು ಅಕ್ಕಪಕ್ಕದಲ್ಲೇ ಬದುಕುತ್ತವೆ. ಮನೆಯೊಂದು ಮುರಿದು ಮಗು ಯಾರ ಬಳಿ ಇರಬೇಕೆಂಬ ಪ್ರಶ್ನೆ ಎದ್ದರೆ ಮಾತ್ರ ಪ್ರತಿ ಮನೆಯೂ ತನ್ನದೇ ಕಾನೂನಿನ ಬಾಗಿಲು ತಟ್ಟಬೇಕು. ಆದರೂ ಎಲ್ಲ ಬಾಗಿಲುಗಳ ಒಳಗೆ ಇಂದು ಕೇಳುವ ಪ್ರಶ್ನೆ ಒಂದೇ: ಈ ಮಗುವಿಗೆ ಒಳಿತು ಯಾವುದು? ಅಲ್ಲಿಗೆ ಬಂದು ಮುಟ್ಟಲು ನೂರಕ್ಕೂ ಹೆಚ್ಚು ವರ್ಷ ಹಿಡಿಯಿತು.

ಅಳಿಯಕಟ್ಟಿನ ಮನೆಗಳಲ್ಲಿ ಮಗುವಿನ ಬಳಿ ತಾಯಿಯದು, ಆಸ್ತಿಯ ಹಾದಿಯೂ ತಾಯಿಯದೇ. ಹಿರಿತನ ಸೋದರಮಾವನಿಗೆ, ತುಳುವಿನ 'ತಮ್ಮಲೆ'ಗೆ. ಮಗು ಕುಟುಂಬದ್ದಾಗಿತ್ತೇ ಹೊರತು ತಂದೆಯ ಹಕ್ಕಿನ ವಸ್ತುವಾಗಿರಲಿಲ್ಲ. ಬ್ರಿಟಿಷರ ಕಾನೂನು ಇದಕ್ಕೆ ನೇರ ವಿರುದ್ಧವಾಗಿತ್ತು. ಇಂಗ್ಲೆಂಡಿನಲ್ಲಿ ಮಕ್ಕಳ ಮೇಲೆ ತಂದೆಯ ಹಕ್ಕೇ ಅಂತಿಮ. ತನ್ನ ಮಕ್ಕಳಿಂದ ದೂರವಾದ ಕ್ಯಾರೊಲಿನ್ ನಾರ್ಟನ್ ಹೋರಾಡಿದ ಮೇಲೆ, 1839ರಲ್ಲಿ, ಏಳು ವರ್ಷದೊಳಗಿನ ಮಕ್ಕಳನ್ನು ತಮ್ಮ ಬಳಿ ಇರಿಸಿಕೊಳ್ಳಲು ತಾಯಂದಿರು ಕೋರ್ಟಿಗೆ ಅರ್ಜಿ ಹಾಕಬಹುದಾಯಿತು.

ಭಾರತಕ್ಕೆ 1890ರಲ್ಲಿ ಪೋಷಕರು ಮತ್ತು ಪಾಲ್ಯರ ಕಾಯ್ದೆ ಬಂತು. ಅದರೊಳಗೆ ಎರಡು ದನಿಗಳಿದ್ದವು. 17ನೇ ಕಲಮು ಮಗುವಿನ ಹಿತವನ್ನು, ವಯಸ್ಸು, ಧರ್ಮ, ಪೋಷಕನ ನಡತೆಯನ್ನು ನೋಡಬೇಕೆಂದಿತು. ಬುದ್ಧಿ ಬಲಿತ ಮಗುವಿನ ಇಷ್ಟವನ್ನೂ ಪರಿಗಣಿಸಬಹುದೆಂದಿತು. 19ನೇ ಕಲಮಿನ ಪ್ರಕಾರವಾದರೆ, ತಂದೆ ಬದುಕಿದ್ದು ಅನರ್ಹನಲ್ಲದಿದ್ದರೆ ಬೇರೆ ಪೋಷಕರನ್ನು ನೇಮಿಸುವಂತೆಯೇ ಇರಲಿಲ್ಲ. ಅಲ್ಲಿ ತಾಯಿಯ ಹೆಸರು ಸೇರಿದ್ದು 2010ರಲ್ಲಿ.

ಕಾಯ್ದೆ ಬಂದ ಕಾಲದಲ್ಲಿ ಉಡುಪಿ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಆ ಪ್ರಾಂತ್ಯದ ಹೆಸರಾಂತ ಮೊಕದ್ದಮೆಯಲ್ಲಿ, ಆನಿ ಬೆಸೆಂಟರಿಗೆ ಒಪ್ಪಿಸಿದ್ದ ಜಿಡ್ಡು ಕೃಷ್ಣಮೂರ್ತಿ ಮತ್ತು ನಿತ್ಯಾನಂದರನ್ನು ಅವರ ತಂದೆ ನಾರಾಯಣಯ್ಯ ಮರಳಿ ಕೇಳಿದರು. ಮದ್ರಾಸ್‌ನಲ್ಲಿ ತಂದೆ ಗೆದ್ದರು. 1914ರಲ್ಲಿ ಪ್ರಿವಿ ಕೌನ್ಸಿಲ್ ಅದನ್ನು ರದ್ದುಗೊಳಿಸಿತು. ತಂದೆಯ ಅಧಿಕಾರವನ್ನು ಅದು ಅಲ್ಲಗಳೆಯಲಿಲ್ಲ. ಆದರೆ ಇಂಗ್ಲೆಂಡಿನಲ್ಲಿದ್ದ ಹುಡುಗರ ಹಿತವನ್ನು ವಿಚಾರಿಸದೆ ಕೊಟ್ಟ ಆದೇಶ ನಿಲ್ಲದು ಎಂದಿತು.

1956ರ ಹಿಂದೂ ಕಾಯ್ದೆಯಿಂದ ಅಳಿಯಕಟ್ಟಿನವರಿಗೂ ತಂದೆಯೇ ಸಹಜ ಪೋಷಕನಾದ, ಅವನ ನಂತರ ತಾಯಿ. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ. ತಾಯಿಯ ಬಳಿಯ ಹೆಸರು ಹೊತ್ತ ಮಕ್ಕಳ ನಾಡಿಗೆ ಇದು ದೊಡ್ಡ ಪಲ್ಲಟ. ಅದೇ ಕಾಯ್ದೆಯ 13ನೇ ಕಲಮು ಮಾತ್ರ ಮಗುವಿನ ಹಿತವೇ ಸರ್ವೋಪರಿ ಎಂದು ಬರೆದಿಟ್ಟಿತು.

ಈ ಕಾಯ್ದೆ ಅನ್ವಯಿಸದ ಕ್ರೈಸ್ತ ಮನೆಗಳಿಗೆ ದಾರಿ ತೆರೆದದ್ದು 1973ರ ರೋಸಿ ಜೇಕಬ್ ಪ್ರಕರಣ. ಬೇರೆಯಾದ ದಂಪತಿ, ಮೂವರು ಮಕ್ಕಳು. ತಾನು ಅನರ್ಹನೆಂದು ಸಾಬೀತಾಗದಿದ್ದರೆ ಮಕ್ಕಳು ತನಗೇ ಸೇರಬೇಕೆಂಬುದು ತಂದೆಯ ವಾದ. ಮದ್ರಾಸ್ ಹೈಕೋರ್ಟಿನ ಮೇಲ್ಮನವಿ ಪೀಠ ಅವನ ಪರ ನಿಂತಿತು. ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಐ.ಡಿ. ದುವಾ, ಮಕ್ಕಳು ಹೆತ್ತವರ ಚರಾಸ್ತಿಯೂ ಅಲ್ಲ, ಆಟಿಕೆಯೂ ಅಲ್ಲ ಎಂದರು. ತಂದೆ ಯೋಗ್ಯನೆಂಬ ಒಂದೇ ಕಾರಣ ಸಾಲದು. ಮಗಳು ಮತ್ತು ಕಿರಿಯ ಮಗ ತಾಯಿಯ ಬಳಿ ಉಳಿದರು.

ಇಂದಿನ ಶಿರ್ವದ ಮಟ್ಟಿಗೆ ಹೀಗೊಂದು ಪ್ರಕರಣ ಊಹಿಸಿಕೊಳ್ಳಿ. ಗಂಡ ಗಲ್ಫ್‌ನಲ್ಲಿ, ಹೆಂಡತಿ ಏಳು ವರ್ಷದ ಮಗಳೊಂದಿಗೆ ತವರಿನಲ್ಲಿ. ಮಗು 'ಸಾಮಾನ್ಯವಾಗಿ ವಾಸಿಸುವ' ಊರಿನ ನ್ಯಾಯಾಲಯಕ್ಕೇ ಅಧಿಕಾರ. ಹಾಗಾಗಿ ರಜೆಗೆ ಬಂದದ್ದೇ, ಶಾಲೆಗೆ ಸೇರಿ ನೆಲೆಸಿದ್ದೇ ಎಂಬುದೇ ಮೊದಲ ಜಗಳ. ಆಮೇಲೆ ದಿನದ ವಿವರಗಳು: ಬೆಳಿಗ್ಗೆ ತಲೆ ಬಾಚುವವರು ಯಾರು, ಜ್ವರ ಬಂದ ರಾತ್ರಿ ಪಕ್ಕದಲ್ಲಿ ಯಾರಿದ್ದರು, ತಂದೆ ಕರೆದೊಯ್ದರೆ ಅವನು ಕೆಲಸಕ್ಕೆ ಹೋದಾಗ ಮನೆಯಲ್ಲಿ ಯಾರಿರುತ್ತಾರೆ. ಗಲ್ಫ್‌ನ ಸಂಬಳ ಒಂದೇ ಇದನ್ನು ತೀರ್ಮಾನಿಸದು.

ನ್ಯಾಯಾಧೀಶರು ಮಗುವನ್ನು ತಮ್ಮ ಕೊಠಡಿಯಲ್ಲಿ ಒಬ್ಬಳನ್ನೇ ಮಾತಾಡಿಸುತ್ತಾರೆ. ಹೇಳಿಕೊಟ್ಟ ಮಾತು ಬೇಗ ಗೊತ್ತಾಗುತ್ತದೆ: ತಾನು ನೋಡಿರಲಾರದ ಸಂಗತಿಗಳು, ದೊಡ್ಡವರ ಜಗಳದ ಪದಗಳು, ಕೇಳದಿದ್ದರೂ ಬರುವ ಉತ್ತರಗಳು.

ನನಗೆ ಹೆಚ್ಚು ಕಳವಳ ಹುಟ್ಟಿಸುವುದು ವಿಳಂಬ. ಮೊಕದ್ದಮೆ ವರ್ಷಗಟ್ಟಲೆ ಎಳೆದರೆ ಮಗು ಯಾರ ಬಳಿ ಇದೆಯೋ ಅಲ್ಲಿ ಬೇರು ಬಿಡುತ್ತದೆ. ಆಮೇಲೆ ಕದಲಿಸುವುದೇ ಹಿತಕ್ಕೆ ವಿರುದ್ಧವಾಗುತ್ತದೆ. ಅಂತಿಮ ತೀರ್ಪಿನಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚಾಗಿ, ಮಧ್ಯಂತರ ಆದೇಶ ಮುಖ್ಯವಾಗುವುದು ಇದಕ್ಕೇ. 2020ರ ಯಶಿತಾ ಸಾಹು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ತಂದೆತಾಯಿ ಇಬ್ಬರ ಪ್ರೀತಿಯೂ ಮಗುವಿನ ಹಕ್ಕು, ದೂರದಲ್ಲಿರುವವರಿಗೆ ವಿಡಿಯೊ ಕರೆಯ ಅವಕಾಶ ಸಿಗಬೇಕು ಎಂದಿತು. ಆದ್ದರಿಂದ ಗಲ್ಫ್‌ನ ತಂದೆ ಮೊದಲ ದಿನವೇ ಕರೆಯ ವಾರ, ಗಂಟೆ, ರಜೆಯ ದಿನಗಳನ್ನು ಅರ್ಜಿಯಲ್ಲಿ ಕೇಳಿಕೊಳ್ಳಬೇಕು. ಇಂಥ ಯಾವ ಆದೇಶವೂ ಕಟ್ಟಕಡೆಯದಲ್ಲ. ಏಳರ ಮಗಳಿಗಾಗಿ ಬರೆದದ್ದನ್ನು ಅವಳು ಹದಿಮೂರಕ್ಕೆ ಬಂದಾಗ ಬದಲಿಸುವಂತೆ ಇಬ್ಬರಲ್ಲಿ ಯಾರಾದರೂ ಕೇಳಬಹುದು. ಆ ಹೊತ್ತಿಗೆ ಅವಳ ಮಾತಿಗೂ ಹೆಚ್ಚು ತೂಕವಿರುತ್ತದೆ.