ಮೂರರಲ್ಲಿ ಎರಡು ಪಾಲು ಎನ್ನಬಹುದೇ?

ಡಿಗ್ರಿ ಓದುತ್ತಿರುವ ಅಕ್ಕನ ಮಗ ವಾಟ್ಸಾಪ್‌ನಲ್ಲಿ ಒಂದು ಫೋಟೊ ಕಳಿಸಿದ್ದ. ಗೋಡೆಗೆ ಅಂಟಿಸಿದ ಚಾರ್ಟು, ಅದರ ಮೇಲೆ ಸ್ಕೆಚ್ ಪೆನ್ನಿನ ಬರಹ. ಅವನೂ ಗೆಳೆಯರೂ ಊರಿನ ಮನೆಗಳಿಗೆ ಹೋಗಿ ಒಂದೇ ಪ್ರಶ್ನೆ ಕೇಳಿದ್ದರು: ಮಂಗಳವಾರದ ಸಂತೆಯನ್ನು ಊರ ಹೊರಗಿನ ಮೈದಾನಕ್ಕೆ ಸಾಗಿಸಬೇಕೇ? ಫೋಟೊದ ಕೆಳಗೆ ಅವನ ಸಾಲು: ‘ಮಾವ, ಮೂರರಲ್ಲಿ ಎರಡು ಪಾಲು ಜನ ಹೌದು ಅಂದಿದ್ದಾರೆ ಅಂತ ಬರೀಬಹುದಾ?’

ಉತ್ತರ ಹೇಳುವ ಮೊದಲು ಚಾರ್ಟನ್ನು ಸರಿಯಾಗಿ ಓದಬೇಕಿತ್ತು. ಫ್ಲ್ಯಾಶ್ ಬೆಳಕು ‘ಹೌದು’ ಎಂಬುದರ ಎದುರಿನ ಅಂಕಿಯ ಮೇಲೇ ಬಿದ್ದು, ಅದು 93ರಂತೆಯೂ 98ರಂತೆಯೂ ಕಾಣುತ್ತಿತ್ತು. ಒಟ್ಟು ಎಷ್ಟು ಮನೆ ಎಂಬ ಸಾಲು ಫೋಟೊದಲ್ಲಿ ಬಂದೇ ಇರಲಿಲ್ಲ. ‘ಇಲ್ಲ’ 57, ‘ಹೌದು’ ಶೇ. 62 ಎಂಬವೆರಡು ಮಾತ್ರ ಸ್ಪಷ್ಟವಾಗಿದ್ದವು. 98 ಎಂದುಕೊಂಡರೆ ಒಟ್ಟು 155, ಪಾಲು ಶೇ. 63.2. ಇದು ಚಾರ್ಟಿಗೆ ಹೊಂದುವುದಿಲ್ಲ. 93 ಎಂದುಕೊಂಡರೆ ಒಟ್ಟು 150, ಪಾಲು ಸರಿಯಾಗಿ ಶೇ. 62. ಹೀಗೆ ಅಂಕಿ ಸಿಕ್ಕಿತು. ಆದರೂ ಅವನಿಗೆ ಫೋನ್ ಮಾಡಿ, ‘ಗೊತ್ತಿಲ್ಲ’ ಎಂದವರನ್ನು ಲೆಕ್ಕದಿಂದ ಬಿಟ್ಟಿದ್ದೀರಾ ಎಂದು ಕೇಳಿದೆ. ಅಂಥವರು ಯಾರೂ ಇರಲಿಲ್ಲವಂತೆ. ಇದನ್ನು ಕೇಳದೆ ಮುಂದೆ ಹೋಗಬಾರದು. ಚಾರ್ಟಿನಿಂದ ಹೊರಗುಳಿದ ಮೂವತ್ತು ಮನೆಗಳಿದ್ದರೆ ಶೇ. 62 ಎಂಬುದರ ಅರ್ಥವೇ ಬೇರೆಯಾಗುತ್ತದೆ.

ಈಗ ಮುಖ್ಯ ವಿಷಯ. ಊರಿನಲ್ಲಿ 1,200 ಮನೆಗಳಿವೆ, ಕೇಳಿದ್ದು 150ನ್ನು. ಇನ್ನೊಂದು 150 ಮನೆಗಳನ್ನು ಆರಿಸಿದ್ದರೆ 62ರ ಬದಲು 58 ಬರಬಹುದಿತ್ತು, 66 ಕೂಡ ಬರಬಹುದಿತ್ತು. ಈ ಏರುಪೇರು ಸಾಮಾನ್ಯವಾಗಿ ಎಷ್ಟು ದೂರ ಹೋಗುತ್ತದೆ ಎಂಬುದಕ್ಕೆ ಒಂದು ಲೆಕ್ಕವಿದೆ.

```
p ± 1.96 × √( p(1−p) / n )
```

ಇಲ್ಲಿ p ಎಂದರೆ ‘ಹೌದು’ ಎಂದವರ ಪಾಲು, 0.62. n ಎಂದರೆ ಕೇಳಿದ ಮನೆಗಳು, 150. 0.62ನ್ನು 0.38ರಿಂದ ಗುಣಿಸಿದರೆ 0.2356. ಅದನ್ನು 150ರಿಂದ ಭಾಗಿಸಿ ವರ್ಗಮೂಲ ತೆಗೆದರೆ ಸುಮಾರು 0.0396 ಬರುತ್ತದೆ. ಇದನ್ನು ಸ್ಟ್ಯಾಂಡರ್ಡ್ ಎರರ್ ಎನ್ನುತ್ತಾರೆ. 1.96ರಿಂದ ಗುಣಿಸಿದರೆ 0.078, ಅಂದರೆ ಶೇ. 7.8. ಆದ್ದರಿಂದ ನಿಜವಾದ ಪಾಲಿನ ಅಂದಾಜು ಶೇ. 54.2ರಿಂದ 69.8ರವರೆಗೆ ಹರಡಿದೆ. ಈ ಹರವಿಗೆ ಕಾನ್ಫಿಡೆನ್ಸ್ ಇಂಟರ್ವಲ್, ಕನ್ನಡದಲ್ಲಿ ವಿಶ್ವಾಸಾಂತರ, ಎಂದು ಹೆಸರು. ಅದರ ಅರ್ಧ ಅಗಲವಾದ 7.8ನ್ನೇ ಸುದ್ದಿಗಳಲ್ಲಿ ಮಾರ್ಜಿನ್ ಆಫ್ ಎರರ್ ಎಂದು ಬರೆಯುತ್ತಾರೆ. 1.96 ಎಂಬ ಅಂಕಿ ಬಂದಿದ್ದು ಶೇ. 95ರಷ್ಟು ವಿಶ್ವಾಸ ಬೇಕು ಎಂದು ನಾವು ಆರಿಸಿಕೊಂಡಿದ್ದರಿಂದ. ಶೇ. 99 ಬೇಕೆಂದರೆ ಅದು 2.58 ಆಗುತ್ತದೆ, ಹರವು ಇನ್ನೂ ಅಗಲವಾಗುತ್ತದೆ.

ಹುಡುಗನ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆ. ಮೂರರಲ್ಲಿ ಎರಡು ಪಾಲು ಎಂದರೆ ಶೇ. 66.7. ಅದು ಹರವಿನ ಒಳಗಿದೆ, ಹಾಗಾಗಿ ಅದು ಸುಳ್ಳು ಎನ್ನಲಾಗದು. ಆದರೆ ಶೇ. 55 ಕೂಡ ಅದೇ ಹರವಿನ ಒಳಗಿದೆ. ಆದ್ದರಿಂದ ಮೂರರಲ್ಲಿ ಎರಡು ಪಾಲು ಎಂದು ಬರೆಯುವ ಹಕ್ಕು ಈ ಚಾರ್ಟಿನಿಂದ ಸಿಗುವುದಿಲ್ಲ. ಕೆಳಗಿನ ತುದಿಯೇ 50ರ ಮೇಲಿರುವುದರಿಂದ ‘ಅರ್ಧಕ್ಕಿಂತ ಹೆಚ್ಚು ಮನೆಗಳು’ ಎಂದು ಧೈರ್ಯವಾಗಿ ಬರೆಯಬಹುದು.

ಶೇ. 95 ಎಂಬುದನ್ನು ಹೆಚ್ಚಿನವರು ತಪ್ಪಾಗಿ ಓದುತ್ತಾರೆ, ನಾನೂ ಬಹಳ ಕಾಲ ಹಾಗೆಯೇ ಓದಿದ್ದೆ. ‘ನಿಜವಾದ ಪಾಲು 54.2 ಮತ್ತು 69.8ರ ನಡುವೆ ಇರುವ ಸಂಭವ ಶೇ. 95’ ಎಂದು ಹೇಳುವುದು ಸಹಜವೆನಿಸುತ್ತದೆ. ಆದರೆ ಈ ವಿಧಾನವನ್ನು 1930ರ ದಶಕದಲ್ಲಿ ರೂಪಿಸಿದ ಜೆರ್ಜಿ ನೇಮನ್ ಹೇಳಿದ್ದು ಅದನ್ನಲ್ಲ. ಜಾತ್ರೆಯಲ್ಲಿ ಉಂಗುರ ಎಸೆಯುವ ಅಂಗಡಿಯನ್ನು ನೆನೆಸಿಕೊಳ್ಳಿ. ಗೂಟ ನೆಟ್ಟಲ್ಲೇ ಇರುತ್ತದೆ, ಹಾರಾಡುವುದು ಉಂಗುರ. ಊರಿನ ನಿಜವಾದ ಪಾಲು ಆ ಗೂಟ. ಒಂದೊಂದು ಸಮೀಕ್ಷೆಯೂ ಒಂದೊಂದು ಉಂಗುರ. ಇದೇ ಕ್ರಮದಲ್ಲಿ ನೂರು ಸಲ ಎಸೆದರೆ ಸುಮಾರು 95 ಸಲ ಉಂಗುರ ಗೂಟಕ್ಕೆ ಬೀಳುತ್ತದೆ ಎಂಬುದಷ್ಟೇ ಭರವಸೆ. ನಮ್ಮ ಕೈಯಲ್ಲಿರುವ ಈ ಒಂದು ಉಂಗುರ ಬಿದ್ದಿದೆಯೋ ಇಲ್ಲವೋ, ಗೂಟ ನಮಗೆ ಕಾಣಿಸುವುದಿಲ್ಲ. ಭರವಸೆ ಇರುವುದು ಎಸೆಯುವ ಕ್ರಮದ ಮೇಲೆ.

ಈ ಸೂತ್ರಕ್ಕೆ ಒಂದು ಮಿತಿಯಿದೆ. ಬರೀ 20 ಮನೆ ಕೇಳಿ 19 ಮಂದಿ ಹೌದು ಎಂದರೆ ಮೇಲಿನ ತುದಿ ಶೇ. 104 ದಾಟುತ್ತದೆ. ನೂರಕ್ಕೆ ನೂರನಾಲ್ಕು ಮಂದಿ ಎಲ್ಲಿಂದ ಬರಬೇಕು? ಹೌದು, ಇಲ್ಲ ಎರಡೂ ಕಡೆ ಕನಿಷ್ಠ ಹತ್ತು ಉತ್ತರಗಳಿದ್ದರೆ ಮಾತ್ರ ಇದನ್ನು ಬಳಸಬೇಕು. ಇಲ್ಲದಿದ್ದರೆ ಎಡ್ವಿನ್ ವಿಲ್ಸನ್ 1927ರಲ್ಲಿ ಕೊಟ್ಟ ಸೂತ್ರ ಹಿಡಿಯಬೇಕು. ಅದರ ಪ್ರಕಾರ ಈ ಇಪ್ಪತ್ತು ಮನೆಗಳ ಹರವು ಶೇ. 76ರಿಂದ 99ರವರೆಗೆ ಬರುತ್ತದೆ.

ಇನ್ನೊಂದು ಮಿತಿಯನ್ನು ಯಾವ ಸೂತ್ರವೂ ಸರಿಪಡಿಸದು. 1936ರಲ್ಲಿ ಅಮೆರಿಕದ ಲಿಟರರಿ ಡೈಜೆಸ್ಟ್ ಪತ್ರಿಕೆ ಅಧ್ಯಕ್ಷ ಚುನಾವಣೆಗೆ ಮುನ್ನ ಸುಮಾರು ಒಂದು ಕೋಟಿ ಮತಪತ್ರ ಅಂಚೆಯಲ್ಲಿ ಕಳಿಸಿತು. ಇಪ್ಪತ್ತು ಲಕ್ಷಕ್ಕೂ ಹೆಚ್ಚು ವಾಪಸು ಬಂದವು. ನಮ್ಮ ಸೂತ್ರಕ್ಕೆ ಹಾಕಿದರೆ ಅದರ ಏರುಪೇರು ಶೇ. 0.1 ಕೂಡ ಇಲ್ಲ. ಲ್ಯಾಂಡನ್ ಗೆಲ್ಲುತ್ತಾರೆ ಎಂದು ಪತ್ರಿಕೆ ಬರೆಯಿತು, 48 ರಾಜ್ಯಗಳಲ್ಲಿ 46ನ್ನು ರೂಸ್‌ವೆಲ್ಟ್ ಗೆದ್ದರು. ವಿಳಾಸಗಳನ್ನು ತೆಗೆದದ್ದು ಟೆಲಿಫೋನ್ ಪಟ್ಟಿ, ಕಾರು ನೋಂದಣಿಯಂಥ ಕಡೆಗಳಿಂದ. ಆ ಬಡತನದ ಕಾಲದಲ್ಲಿ ಫೋನು, ಕಾರು ಇಲ್ಲದವರು ಆ ಪಟ್ಟಿಗಳಲ್ಲಿ ಇರಲೇ ಇಲ್ಲ. ಸಾಲದ್ದಕ್ಕೆ, ಪತ್ರ ಬಂದವರಲ್ಲೂ ಉತ್ತರಿಸಿದ್ದು ಕಾಲು ಭಾಗದಷ್ಟು ಮಂದಿ ಮಾತ್ರ.

ಹಾಗಾಗಿ ಮನೆಗಳನ್ನು ಹೇಗೆ ಆರಿಸಿದಿರಿ ಎಂದು ಹುಡುಗನನ್ನು ಕೇಳಿದೆ. ಸಂತೆ ಬೀದಿಯಿಂದ ಶುರುಮಾಡಿ 150 ಆಗುವವರೆಗೆ ಸಾಲಾಗಿ ಹೋದೆವು ಎಂದ. ಮಂಗಳವಾರ ಬಾಗಿಲಲ್ಲೇ ಗಾಡಿ ನಿಲ್ಲುವ ಮನೆಯವರು ಸಂತೆ ಹೋಗಲಿ ಎನ್ನುವುದು ಸಹಜ. ಊರಿನ ಆಚೆ ತುದಿಯವರ ಮಾತು ಚಾರ್ಟಿನಲ್ಲಿ ಇಲ್ಲವೇ ಇಲ್ಲ. ಮೇಲೆ ನಾನು ಮಾಡಿದ ಲೆಕ್ಕವೆಲ್ಲ ಮನೆಗಳನ್ನು ಚೀಟಿ ಎತ್ತಿದಂತೆ ಆರಿಸಿದ್ದರೆ ಮಾತ್ರ ಸಲ್ಲುತ್ತದೆ. ಅದನ್ನು ಕೇಳಿ ಅವನ ದನಿ ಇಳಿಯಿತು. ನನಗೂ ಬೇಜಾರಾಯಿತು, ಬಿಸಿಲಲ್ಲಿ ಓಡಾಡಿ ಮಾಡಿದ ಕೆಲಸ ಅದು.

ಮತ್ತೆ ಮಾಡುತ್ತೇವೆ, ಈ ಸಲ ಏರುಪೇರು ಶೇ. 4 ಮೀರಬಾರದು, ಎಷ್ಟು ಮನೆ ಬೇಕು ಎಂದ. ಅದೇ ಸೂತ್ರವನ್ನು ತಿರುಗಿಸಿದರೆ ಸಾಕು.

```
n = 1.96² × 0.25 / 0.04²
```

0.25 ಎಂಬುದು p(1−p)ಯ ಅತಿ ದೊಡ್ಡ ಬೆಲೆ. ಊರು ಅರ್ಧಕ್ಕೆ ಅರ್ಧ ಒಡೆದಿದ್ದಾಗ ಅದು ಬರುತ್ತದೆ. ಹಳೆಯ 62ನ್ನು ನಂಬುವಂತಿಲ್ಲವಾದ್ದರಿಂದ ಅದನ್ನೇ ಹಿಡಿದೆವು. ಉತ್ತರ 600.25, ಮೇಲಕ್ಕೆ ಏರಿಸಿದರೆ 601. ಮೊದಲಿನ 150ರ ನಾಲ್ಕು ಪಟ್ಟು, ಸಿಗುವುದು ಅರ್ಧದಷ್ಟು ಏರುಪೇರು. ವರ್ಗಮೂಲ ಕೇಳುವ ಬೆಲೆಯೇ ಅದು. ಆದರೆ ಊರಿನಲ್ಲಿರುವುದೇ 1,200 ಮನೆ. ಅರ್ಧ ಊರನ್ನೇ ಕೇಳುವಾಗ ಅಷ್ಟು ಬೇಕಿಲ್ಲ. ಹೆಚ್ಚುಕಡಿಮೆ 600ನ್ನು 1 + 600/1200, ಅಂದರೆ 1.5ರಿಂದ ಭಾಗಿಸಿದರೆ 400 ಚಿಲ್ಲರೆ, 401 ಮನೆ ಸಾಕು. ಐದರಲ್ಲಿ ಒಂದು ಮನೆಗೆ ಬೀಗವಿರಬಹುದು ಎಂದುಕೊಂಡರೆ 502 ಮನೆಗಳನ್ನು ಗುರುತು ಮಾಡಿಕೊಳ್ಳಬೇಕು. ಬೀಗವಿದ್ದ ಮನೆಗೆ ಇನ್ನೊಂದು ಸಲ ಹೋಗಬೇಕೇ ಹೊರತು ಪಕ್ಕದ ಮನೆಯ ಬಾಗಿಲು ತಟ್ಟಬಾರದು.

ಮನೆಗಳ ಪಟ್ಟಿಗೆ ಪಂಚಾಯಿತಿಗೆ ಹೋಗು, 1ರಿಂದ 1,200ರವರೆಗೆ ಸಂಖ್ಯೆ ಹಾಕಿ ಚೀಟಿ ಎತ್ತು ಎಂದೆ. ಫೋನ್ ಇಡುವ ಮೊದಲು ಅವನೇ ಕೇಳಿದ: ‘ಮಾವ, ಸುತ್ತಲ ಹಳ್ಳಿಯಿಂದ ಸೊಪ್ಪು ತರಕಾರಿ ತಂದು ಮಾರೋರು ಈ ಪಟ್ಟಿಯಲ್ಲಿ ಇರಲ್ಲ ಅಲ್ವಾ?’ ಇರುವುದಿಲ್ಲ. ಅವರಿಗೆ ಬೇರೆಯೇ ಒಂದು ಪಟ್ಟಿ ಮಾಡಬೇಕು, ಮಂಗಳವಾರ ಬೆಳಗ್ಗೆ, ಸಂತೆಯಲ್ಲೇ.