ನವೆಂಬರ್ 1ರ ವೆಬಿನಾರ್: ಯಾವ ಊರಿಗೆ ಎಷ್ಟು ಗಂಟೆ?

2026ರಲ್ಲಿ ಕನ್ನಡ ರಾಜ್ಯೋತ್ಸವ ಭಾನುವಾರ ಬರುತ್ತದೆ. ಹೊರದೇಶದಲ್ಲಿ ಬೆಳೆಯುವ ಮಕ್ಕಳಿಗೆ ಮನೆಯಲ್ಲೇ ಕನ್ನಡ ಓದು ಬರಹ ಕಲಿಸುವುದು ಹೇಗೆ ಎಂಬುದರ ಬಗ್ಗೆ ಆ ದಿನ ಒಂದೂವರೆ ಗಂಟೆಯ ವೆಬಿನಾರ್ ನಡೆಸಬೇಕೆಂದು ಬೆಂಗಳೂರಿನ ಬಳಗವೊಂದು ಹೊರಟಿದೆ ಎಂದಿಟ್ಟುಕೊಳ್ಳಿ. ಸ್ಯಾನ್ ಫ್ರಾನ್ಸಿಸ್ಕೊ, ನ್ಯೂಯಾರ್ಕ್, ಲಂಡನ್, ದುಬೈ, ಸಿಂಗಪುರ, ಸಿಡ್ನಿಗಳಿಂದ ತಂದೆತಾಯಂದಿರು ಸೇರುತ್ತಾರೆ. ಎಷ್ಟು ಗಂಟೆಗೆ ಶುರು ಮಾಡುವುದು?

ಇದಕ್ಕೆಂದೇ ವರ್ಲ್ಡ್ ಕ್ಲಾಕ್ ಪ್ಲಾನರ್‌ಗಳಿವೆ. ದಿನಾಂಕ ಕೊಟ್ಟು ಊರುಗಳನ್ನು ಆರಿಸಿದರೆ ಪರದೆಯ ಮೇಲೆ ಒಂದು ಕೋಷ್ಟಕ ಮೂಡುತ್ತದೆ. ಒಂದೇ ಗಳಿಗೆಯಲ್ಲಿ ಯಾವ ಊರಿನ ಗಡಿಯಾರ ಏನು ತೋರಿಸುತ್ತದೆ ಎಂಬುದನ್ನು ಅದರಲ್ಲಿ ಅಕ್ಕಪಕ್ಕ ನೋಡಬಹುದು. ಹಲವು ಪ್ಲಾನರ್‌ಗಳು ಕಚೇರಿ ವೇಳೆಗೆ ಹಸಿರು, ಮುಂಜಾನೆ ಮತ್ತು ಸಂಜೆಗೆ ಹಳದಿ, ಮಲಗುವ ಹೊತ್ತಿಗೆ ಕೆಂಪು ಬಣ್ಣ ಕೊಡುತ್ತವೆ. ನಮ್ಮದು ಭಾನುವಾರದ ಕಾರ್ಯಕ್ರಮವಾದ್ದರಿಂದ ಹಸಿರಿಗಾಗಿ ಹುಡುಕಬೇಕಿಲ್ಲ. ಎಲ್ಲೂ ಕೆಂಪು ಇಲ್ಲದ ಸಾಲು ಸಿಕ್ಕರೆ ಸಾಕು.

ಆದರೆ ಈ ಏಳು ಊರುಗಳನ್ನು ಒಟ್ಟಿಗೆ ಹಾಕಿದರೆ ಅಂಥ ಸಾಲು ಸಿಗುವುದೇ ಇಲ್ಲ. ರಾತ್ರಿ ಹನ್ನೊಂದರಿಂದ ಬೆಳಗಿನ ಆರರವರೆಗೆ ನಿದ್ದೆಯ ಹೊತ್ತು ಎಂದು ಹಿಡಿಯೋಣ. ಭಾರತದಲ್ಲಿ ಬೆಳಗಿನ ಏಳೂವರೆ ಆದಾಗ ಲಂಡನ್‌ನಲ್ಲಿ ನಡುರಾತ್ರಿ ಎರಡು. ಇಲ್ಲಿ ಮಧ್ಯಾಹ್ನವಾದಾಗ ಅಮೆರಿಕ ಮಲಗಿರುತ್ತದೆ. ಇಲ್ಲಿ ಸಂಜೆ ಏಳೂವರೆಯ ಹೊತ್ತಿಗೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಆಗಷ್ಟೇ ಬೆಳಗಿನ ಆರು, ಸಿಡ್ನಿಯಲ್ಲಿ ಮಾತ್ರ ಸೋಮವಾರ ನಸುಕಿನ ಒಂದು ಗಂಟೆ. ದಿನದ ಇಪ್ಪತ್ನಾಲ್ಕು ಗಂಟೆಯಲ್ಲಿ ಯಾವುದನ್ನು ಹಿಡಿದರೂ ಏಳರಲ್ಲಿ ಒಂದು ಊರಾದರೂ ನಿದ್ದೆಯಲ್ಲಿರುತ್ತದೆ. ಸಿಡ್ನಿಯನ್ನು ಕೈಬಿಟ್ಟರೆ ಉಳಿದ ಆರಕ್ಕೂ ಹೊಂದುವುದು ನಮ್ಮ ಸಂಜೆ ಏಳೂವರೆಯಿಂದ ಎಂಟೂವರೆಯವರೆಗಿನ ಒಂದೇ ಗಂಟೆ. ನಮ್ಮ ಕಾರ್ಯಕ್ರಮ ಒಂದೂವರೆ ಗಂಟೆಯದು. ಪ್ಲಾನರ್‌ನಲ್ಲಿ ಶುರುವಾಗುವ ಹೊತ್ತನ್ನಷ್ಟೇ ನೋಡಿ ತೃಪ್ತಿಪಡುವವರು ಎಡವುವುದು ಇಲ್ಲೇ: ಮುಗಿಯುವ ಹೊತ್ತಿನ ಸಾಲನ್ನೂ ನೋಡಬೇಕು.

ಹೀಗಾದಾಗ ಮೊದಲು ಮಾಡಬೇಕಾದ್ದು ನೋಂದಣಿಯಲ್ಲಿ ಊರಿನ ಹೆಸರು ಕೇಳುವುದು. ದೇಶದ ಹೆಸರು ಸಾಲದು. ಸಿಡ್ನಿಯಲ್ಲಿ ಗಡಿಯಾರವನ್ನು ಬೇಸಿಗೆಗೆಂದು ಒಂದು ಗಂಟೆ ಮುಂದೆ ಇಡುತ್ತಾರೆ, ಬ್ರಿಸ್ಬೇನ್‌ನಲ್ಲಿ ಇಡುವುದಿಲ್ಲ. ಆಸ್ಟ್ರೇಲಿಯಾ ಎಂದಷ್ಟೇ ಬರೆದವರಿಗೆ ಯಾವ ಗಂಟೆ ಹೇಳುವುದು? ಊರುಗಳ ಪಟ್ಟಿ ಕೈಗೆ ಬಂದಮೇಲೆ ಯಾವ ಕಡೆ ಎಷ್ಟು ಜನ ಎಂಬುದು ತಿಳಿಯುತ್ತದೆ. ಸಿಡ್ನಿ ಕಡೆಯವರು ನಾಲ್ಕೇ ಮಂದಿಯಾದರೆ ಅವರಿಗೆ ರೆಕಾರ್ಡಿಂಗ್ ಕಳಿಸುತ್ತೇವೆಂದು ಮುಂಚೆಯೇ ಹೇಳಿ ಒಂದೇ ಹೊತ್ತು ಇಡಬಹುದು. ಎರಡೂ ಕಡೆ ಸಾಕಷ್ಟು ಜನ ಇದ್ದರೆ ಕಾರ್ಯಕ್ರಮವನ್ನು ಎರಡು ಬಾರಿ ನಡೆಸುವುದೇ ನ್ಯಾಯ. ಏಕೆಂದರೆ ಇದು ಪ್ರಶ್ನೆ ಕೇಳಿ ಉತ್ತರ ಪಡೆಯಬೇಕಾದ ವಿಷಯ. ಆ ಅನುಕೂಲ ರೆಕಾರ್ಡಿಂಗ್‌ನಲ್ಲಿ ಇರುವುದಿಲ್ಲ.

ಎರಡು ಬಾರಿ ಎಂದಾದರೆ ಲೆಕ್ಕ ಹಗುರವಾಗುತ್ತದೆ. ಮೊದಲನೆಯದನ್ನು ಭಾರತದ ಮಧ್ಯಾಹ್ನ ಹನ್ನೆರಡೂವರೆಗೆ ಇಟ್ಟರೆ ಸಿಡ್ನಿಯಲ್ಲಿ ಸಂಜೆ ಆರು, ಸಿಂಗಪುರದಲ್ಲಿ ಮಧ್ಯಾಹ್ನ ಮೂರು, ದುಬೈಯಲ್ಲಿ ಬೆಳಿಗ್ಗೆ ಹನ್ನೊಂದು. ಎರಡನೆಯದನ್ನು ರಾತ್ರಿ ಎಂಟೂವರೆಗೆ ಇಟ್ಟರೆ ಲಂಡನ್‌ನಲ್ಲಿ ಮಧ್ಯಾಹ್ನ ಮೂರು, ನ್ಯೂಯಾರ್ಕ್‌ನಲ್ಲಿ ಬೆಳಿಗ್ಗೆ ಹತ್ತು, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಬೆಳಿಗ್ಗೆ ಏಳು. ಸಿಂಗಪುರದವರಿಗೆ ಮಧ್ಯಾಹ್ನದ್ದು ಇರುವುದರಿಂದ ಸಂಜೆಯದನ್ನು ಏಳೂವರೆಗೆ ಎಳೆಯಬೇಕಿಲ್ಲ, ಅಮೆರಿಕದ ಪಶ್ಚಿಮ ಕರಾವಳಿಯವರಿಗೆ ಇನ್ನೊಂದು ಗಂಟೆ ನಿದ್ದೆ ದಕ್ಕುತ್ತದೆ.

ಇನ್ನು ದಿನಾಂಕದ ಮಾತು. ಪ್ಲಾನರ್ ತೆರೆದ ಕೂಡಲೇ ಅದು ಇವತ್ತಿನ ದಿನಾಂಕವನ್ನೇ ತೋರಿಸಬಹುದು. ಅದನ್ನು ಬದಲಿಸಿ ಕಾರ್ಯಕ್ರಮದ ದಿನವನ್ನೇ ಹಾಕಬೇಕು. ಭಾರತದ ಗಡಿಯಾರ ವರ್ಷವಿಡೀ ಒಂದೇ. ಸಿಂಗಪುರ, ದುಬೈಗಳದ್ದೂ ಹಾಗೆಯೇ. ಬ್ರಿಟನ್‌ನಲ್ಲಿ ಅಕ್ಟೋಬರ್‌ನ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ಇಡುತ್ತಾರೆ. ಅಮೆರಿಕದ ಹೆಚ್ಚಿನ ಭಾಗಗಳಲ್ಲಿ ನವೆಂಬರ್‌ನ ಮೊದಲ ಭಾನುವಾರ. 2026ರಲ್ಲಿ ಆ ಮೊದಲ ಭಾನುವಾರ ಎಂದರೆ ನಮ್ಮ ರಾಜ್ಯೋತ್ಸವದ ದಿನವೇ! ಅಲ್ಲಿ ನಸುಕಿನ ಎರಡು ಗಂಟೆಗೆ ಗಡಿಯಾರ ಮತ್ತೆ ಒಂದಕ್ಕೆ ಬರುತ್ತದೆ.

ಇದರ ಪರಿಣಾಮ ನೋಡಿ. ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್ ನಮಗಿಂತ ಒಂಬತ್ತೂವರೆ ಗಂಟೆ ಹಿಂದೆ. ಪೋಸ್ಟರ್ ಮಾಡುವವರು ಆ ಲೆಕ್ಕದಲ್ಲಿ ನಮ್ಮ ರಾತ್ರಿ ಎಂಟೂವರೆಗೆ ಅಲ್ಲಿ ಬೆಳಿಗ್ಗೆ ಹನ್ನೊಂದು ಎಂದು ಬರೆದುಬಿಡುತ್ತಾರೆ. ನವೆಂಬರ್ 1ರ ಬೆಳಿಗ್ಗೆ ಅಂತರ ಹತ್ತೂವರೆ ಗಂಟೆಯಾಗಿರುತ್ತದೆ, ಕಾರ್ಯಕ್ರಮ ಹತ್ತಕ್ಕೇ ಶುರುವಾಗಿರುತ್ತದೆ. ಪೋಸ್ಟರ್ ನಂಬಿ ಹನ್ನೊಂದಕ್ಕೆ ಬಂದವರಿಗೆ ಉಳಿಯುವುದು ಕೊನೆಯ ಅರ್ಧ ಗಂಟೆ. ನೋಂದಣಿ ಮಾಡಿಸಿದ ಅಮೆರಿಕದವರೆಲ್ಲ ಸರಿಯಾಗಿ ಒಂದು ಗಂಟೆ ತಡವಾಗಿ ಬಂದರೆ ತಪ್ಪು ಅವರದ್ದಲ್ಲ, ಪೋಸ್ಟರ್‌ನದ್ದು.

ಹಾಗಾದರೆ ಗಡಿಯಾರ ಬದಲಾಗುವ ಮುಂಚೆ, ಅಂದರೆ ನಮ್ಮ ಭಾನುವಾರ ಬೆಳಗಿನ ಏಳೂವರೆಗೇ ಅಮೆರಿಕದವರನ್ನು ಕರೆಯಬಹುದಲ್ಲ? ಕೋಷ್ಟಕದಲ್ಲಿ ಅದು ಚೆನ್ನಾಗಿಯೇ ಕಾಣುತ್ತದೆ: ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಆಗ ಶನಿವಾರ ಸಂಜೆ ಏಳು. ಆದರೆ ಅದು ಅಕ್ಟೋಬರ್ 31, ಹ್ಯಾಲೋವೀನ್ ಸಂಜೆ. ಮಕ್ಕಳು ವೇಷ ಹಾಕಿ ಮನೆಮನೆಗೆ ಹೋಗಿ ಚಾಕೊಲೇಟ್ ಕೇಳುವ ಹೊತ್ತು. ಚಿಕ್ಕ ಮಕ್ಕಳ ಜೊತೆ ತಂದೆತಾಯಿಯೂ ಬೀದಿಯಲ್ಲಿರುತ್ತಾರೆ. ಅದೇ ತಂದೆತಾಯಿಗಾಗಿ ತಾನೆ ನಾವು ವೆಬಿನಾರ್ ಮಾಡುತ್ತಿರುವುದು? ಇಂಥದ್ದನ್ನು ಗಂಟೆಗಳ ಕೋಷ್ಟಕ ಹೇಳುವುದಿಲ್ಲ. ಆಯಾ ಊರಿನಲ್ಲಿರುವ ಒಬ್ಬರನ್ನು ಕೇಳಿಯೇ ತಿಳಿಯಬೇಕು.

ಹೊತ್ತು ನಿಶ್ಚಯವಾದ ಮೇಲೆ ಅದನ್ನು ಬರೆಯುವ ರೀತಿಯೂ ಮುಖ್ಯ. ಐಎಸ್‌ಟಿ ಎಂದಷ್ಟೇ ಬರೆದರೆ ಸಾಲದು. ಇಸ್ರೇಲ್, ಐರ್ಲೆಂಡ್‌ಗಳ ಸಮಯಕ್ಕೂ ಅದೇ ಮೂರಕ್ಷರ ಬಳಸುತ್ತಾರೆ. ಊರು, ವಾರ, ದಿನಾಂಕ, ಗಂಟೆ ಇಷ್ಟೂ ಇರಲಿ:

ಬೆಂಗಳೂರು: ಭಾನುವಾರ, ನವೆಂಬರ್ 1, ರಾತ್ರಿ 8.30ರಿಂದ 10
ಲಂಡನ್: ಭಾನುವಾರ, ನವೆಂಬರ್ 1, ಮಧ್ಯಾಹ್ನ 3ರಿಂದ 4.30
ನ್ಯೂಯಾರ್ಕ್: ಭಾನುವಾರ, ನವೆಂಬರ್ 1, ಬೆಳಿಗ್ಗೆ 10ರಿಂದ 11.30 (ಬದಲಾದ ಗಡಿಯಾರದಂತೆ)
ಸ್ಯಾನ್ ಫ್ರಾನ್ಸಿಸ್ಕೊ: ಭಾನುವಾರ, ನವೆಂಬರ್ 1, ಬೆಳಿಗ್ಗೆ 7ರಿಂದ 8.30 (ಬದಲಾದ ಗಡಿಯಾರದಂತೆ)

ಇದರ ಜೊತೆಗೆ ಕ್ಯಾಲೆಂಡರ್ ಆಹ್ವಾನವನ್ನೂ ಕಳಿಸಿ. ಅದನ್ನು ತಯಾರಿಸುವಾಗ ಟೈಮ್ ಝೋನ್ ಜಾಗದಲ್ಲಿ Asia/Kolkata ಆರಿಸಿದರೆ, ತೆರೆದವರ ಫೋನು ತನ್ನ ಊರಿನ ಗಂಟೆಗೆ ತಾನೇ ಹೊಂದಿಸಿಕೊಳ್ಳುತ್ತದೆ. ಗಡಿಯಾರ ತಿರುಗಿಸುವ ನಿಯಮಗಳನ್ನು ಸರ್ಕಾರಗಳು ಆಗಾಗ ಬದಲಿಸುವುದುಂಟು. 2022ರಲ್ಲಿ ಮೆಕ್ಸಿಕೊ ತನ್ನ ಬಹುಪಾಲು ಪ್ರದೇಶದಲ್ಲಿ ಆ ಪದ್ಧತಿಯನ್ನೇ ಕೈಬಿಟ್ಟಿತು. ಆದ್ದರಿಂದ ಒಂದು ವಾರ ಮುಂಚೆ ಅದೇ ದಿನಾಂಕ ಹಾಕಿ ಪ್ಲಾನರ್‌ನಲ್ಲಿ ಮತ್ತೊಮ್ಮೆ ನೋಡಿ, ಪ್ರತಿ ಊರಿನಿಂದ ಒಬ್ಬರಿಗೆ ಫೋನ್ ಮಾಡಿ, ಅವರ ಕ್ಯಾಲೆಂಡರ್ ಎಷ್ಟು ಗಂಟೆ ತೋರಿಸುತ್ತಿದೆ ಎಂದು ಕೇಳಿ. ನಿಮ್ಮ ಪಟ್ಟಿಯಲ್ಲಿರುವುದನ್ನೇ ಅವರು ಹೇಳಿದರೆ ಪೋಸ್ಟರನ್ನು ಧೈರ್ಯವಾಗಿ ಹಂಚಬಹುದು.